ಬೀಗರ ಔತಣಕ್ಕೆ 60 ಜನ, 8 ಟೇಬಲ್: ಯಾರನ್ನು ಎಲ್ಲಿ ಕೂರಿಸುವುದು?

ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಈ ತಲೆನೋವು ಇರುವುದಿಲ್ಲ. ಉದ್ದನೆಯ ಸಾಲುಗಳಿರುತ್ತವೆ, ಪಂಕ್ತಿ ಬಿಟ್ಟ ಕೂಡಲೇ ಬಂದವರು ಬಂದ ಹಾಗೆ ಕೂರುತ್ತಾರೆ. ಐದು ಜನರ ಮನೆಯಾದರೂ ಹನ್ನೊಂದು ಜನರ ಮನೆಯಾದರೂ ಸಾಲು ಮುಂದುವರಿಯುತ್ತದೆ, ಅಷ್ಟೆ. ಅದೇ ಬೀಗರ ಔತಣವನ್ನು ಹೋಟೆಲಿನ ಹಾಲ್‌ಗೆ, ರೌಂಡ್ ಟೇಬಲ್‌ಗಳಿಗೆ ತಂದರೆ ಲೆಕ್ಕವೇ ಬೇರೆಯಾಗುತ್ತದೆ. ಸಾಲಿಗೆ ಕೊನೆ ಇರಲಿಲ್ಲ, ಟೇಬಲ್‌ಗೆ ಎಂಟು ಕುರ್ಚಿ ಎಂಬ ಕೊನೆ ಇದೆ. ಒಂಬತ್ತನೆಯವರು ಮನೆಯವರನ್ನು ಬಿಟ್ಟು ಬೇರೆ ಟೇಬಲ್‌ಗೆ ಹೋಗಬೇಕು. ಬೀಗರ ಊಟದಲ್ಲಿ ಹಾಗೆ ಎದ್ದು ಹೋದವರು ಅದನ್ನು ಮರೆಯುವುದಿಲ್ಲ.

ಮಂಡ್ಯ, ಹಾಸನ, ತುಮಕೂರು ಕಡೆಯ ಎರಡು ಮನೆತನಗಳ ನಡುವಿನ ಒಂದು ಬಾಡೂಟವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮನೆಗಳು ಕಾಲ್ಪನಿಕ, ಸಮಸ್ಯೆಗಳು ಮಾತ್ರ ಇಂಥ ಊಟಗಳಲ್ಲಿ ದಿನಾ ಎದುರಾಗುವಂಥವು. 60 ಅತಿಥಿಗಳು, ಬಡಿಸುವುದು ಟೇಬಲ್‌ಗೇ. ಮದುಮಕ್ಕಳು ಮತ್ತು ಅವರ ತಂದೆತಾಯಿಯರ ಟೇಬಲ್ ಬೇರೆ, ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಟೇಬಲ್‌ಗೆ ನಿಜವಾಗಿ ಎಷ್ಟು ಜನ?

ಹಾಲ್‌ನವರನ್ನು ಕೇಳಿದರೆ "ಹತ್ತು ಜನ ಆರಾಮಾಗಿ ಕೂರಬಹುದು ಸಾರ್" ಎನ್ನುತ್ತಾರೆ. ಟೇಪ್ ಹಿಡಿದು ಅಳೆಯುವುದು ಒಳ್ಳೆಯದು. ಸಾಮಾನ್ಯವಾಗಿ ಸಿಗುವ ರೌಂಡ್ ಟೇಬಲ್ 5 ಅಡಿ ಅಗಲದ್ದು, ಅಂದರೆ 60 ಇಂಚು. ಅದರ ಸುತ್ತಳತೆ ಸುಮಾರು 188 ಇಂಚು. ಎಂಟು ಜನ ಕೂತರೆ ಒಬ್ಬರಿಗೆ 23 ಇಂಚಿಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ತಟ್ಟೆ, ಪಕ್ಕದಲ್ಲಿ ಸಾರಿನ ಬಟ್ಟಲು, ನೀರಿನ ಲೋಟ ಇಟ್ಟು ಮೊಣಕೈ ಆಡಿಸುವುದಕ್ಕೆ ಅಷ್ಟು ಬೇಕು. ಹತ್ತು ಜನರನ್ನು ಕೂರಿಸಿದರೆ 19 ಇಂಚಿಗೂ ಕಡಿಮೆ. ಮುದ್ದೆ ಮುರಿದು ಸಾರಿಗೆ ಅದ್ದುವ ಊಟದಲ್ಲಿ, ಅದೂ ರೇಷ್ಮೆ ಸೀರೆ ಉಟ್ಟವರ ಪಕ್ಕದಲ್ಲಿ, 19 ಇಂಚು ಸಾಲದು. ಬಡಿಸುವವರಿಗೆ ಇಬ್ಬರ ಭುಜದ ನಡುವೆ ಸೌಟು ತೂರಿಸಲೂ ಜಾಗವಿರುವುದಿಲ್ಲ, ಹಾಗಾಗಿ ತಲೆಯ ಮೇಲಿಂದ ಬಡಿಸುತ್ತಾರೆ. ಸಾರು ಚೆಲ್ಲುವುದು ಅಲ್ಲೇ.

ಕೆಲವು ಹಾಲ್‌ಗಳಲ್ಲಿ 6 ಅಡಿಯ ಟೇಬಲ್‌ಗಳೂ ಇರುತ್ತವೆ. ಅವುಗಳ ಸುತ್ತಳತೆ ಸುಮಾರು 226 ಇಂಚು, ಹತ್ತು ಜನರಿಗೆ ತಲಾ 22 ಇಂಚು ಮೀರಿ ಸಿಗುತ್ತದೆ. ಬರೀ ಒಂದಡಿ ವ್ಯತ್ಯಾಸ, ಆದರೆ ಈ ಊಟವನ್ನು ಉಳಿಸುವುದು ಅದೇ ಎಂದು ಮುಂದೆ ಗೊತ್ತಾಗುತ್ತದೆ.

ಹೆಸರಿನ ಪಟ್ಟಿ ಅಲ್ಲ, ಮನೆಯ ಪಟ್ಟಿ

ಹೆಚ್ಚಿನವರು 60 ಹೆಸರು ಬರೆದುಕೊಂಡು ಒಂದೊಂದನ್ನೇ ಟೇಬಲ್‌ಗೆ ಹಂಚಲು ಕೂರುತ್ತಾರೆ. ಅರ್ಧ ದಾರಿಯಲ್ಲಿ ಎಲ್ಲವೂ ಗೋಜಲಾಗುತ್ತದೆ. ಕೂರಿಸಬೇಕಾದದ್ದು ವ್ಯಕ್ತಿಗಳನ್ನಲ್ಲ, ಒಡೆಯಬಾರದ ಗುಂಪುಗಳನ್ನು. ಗಂಡ, ಹೆಂಡತಿ, ಮಕ್ಕಳು, ಜೊತೆಗಿರುವ ಅಜ್ಜಿ ಸೇರಿ ಒಂದು ಮನೆ, ಒಂದು ಗುಂಪು. ಒಬ್ಬರೇ ಬರುವ ಚಿಕ್ಕಪ್ಪನಿದ್ದರೆ ಅವರು ಯಾರ ಜೊತೆ ಮಾತಾಡುತ್ತಾರೋ ಆ ಮನೆಗೆ ಮೊದಲೇ ಸೇರಿಸಿಬಿಡಬೇಕು.

ಫೋನಿನಲ್ಲಿ ಕರೆದಾಗ "ಬರ್ತೀವಿ" ಎಂಬ ಉತ್ತರಕ್ಕೆ ಸುಮ್ಮನಾಗಬಾರದು. ಎಷ್ಟು ಜನ, ಅದರಲ್ಲಿ ಮಡಿಲಲ್ಲಿ ಕೂರುವ ಮಕ್ಕಳೆಷ್ಟು, ಆ ದಿನ ಬಾಡು ತಿನ್ನದವರು ಯಾರು ಎಂದು ಕೇಳಬೇಕು. "ಆ ದಿನ" ಎನ್ನುವುದು ಮುಖ್ಯ. ಮನೆಯವರೆಲ್ಲ ಮಾಂಸಾಹಾರಿಗಳೇ ಆಗಿದ್ದರೂ ಸೋಮವಾರವೋ ಶನಿವಾರವೋ ಮುಟ್ಟದವರು, ಶ್ರಾವಣ ಹಿಡಿದವರು, ಹರಕೆ ಹೊತ್ತವರು ಇರುತ್ತಾರೆ. ಜಾತಿ ನೋಡಿ ಲೆಕ್ಕ ಹಾಕಿದರೆ ತಪ್ಪುವುದು ಖಚಿತ.

ನಮ್ಮ ಊಟಕ್ಕೆ ಹೀಗೆ ಕೇಳಿದಾಗ 16 ಗುಂಪುಗಳಾದವು ಎಂದುಕೊಳ್ಳಿ. ಐದು ಜನರ ಮನೆಗಳು ಆರು: ಹೆಣ್ಣಿನ ಕಡೆಯಿಂದ ಮಂಡ್ಯ, ಮದ್ದೂರು, ಚನ್ನಪಟ್ಟಣ, ಗಂಡಿನ ಕಡೆಯಿಂದ ಹಾಸನ, ತುಮಕೂರು, ಅರಸೀಕೆರೆ. ನಾಲ್ಕು ಜನರ ಮನೆಗಳು ನಾಲ್ಕು: ಹೆಣ್ಣಿನ ಕಡೆಯ ರಾಮನಗರ, ಗಂಡಿನ ಕಡೆಯ ತುರುವೇಕೆರೆ ಮತ್ತು ಮಾಗಡಿ, ಇಬ್ಬರಿಗೂ ಬೇಕಾದ ಕುಣಿಗಲ್‌ನವರು. ಮೂರು ಜನರ ಮನೆಗಳು ಎರಡು: ಹೆಣ್ಣಿನ ಕಡೆಯ ನಾಗಮಂಗಲ, ಗಂಡಿನ ಕಡೆಯ ತಿಪಟೂರು. ದಂಪತಿ ಮಾತ್ರ ಬರುವವರು ನಾಲ್ಕು ಕಡೆಯವರು: ಶ್ರೀರಂಗಪಟ್ಟಣ (ಹೆಣ್ಣಿನ ಕಡೆ), ಗುಬ್ಬಿ (ಗಂಡಿನ ಕಡೆ), ಪಕ್ಕದ ಮನೆಯವರು, ಆಫೀಸಿನವರು. ಒಟ್ಟು 60.

ಎಂಟು ಜನರ ಎಂಟು ಟೇಬಲ್ ಎಂದರೆ 64 ಕುರ್ಚಿ. ನಾಲ್ಕು ಉಳಿಯುತ್ತವೆ, ಸಾಕಲ್ಲ ಎನಿಸುತ್ತದೆ.

ದೊಡ್ಡ ಮನೆಯಿಂದ ಶುರು ಮಾಡಿ

ಸಹಜವಾಗಿ ಮನಸ್ಸು ಸಣ್ಣ ಗುಂಪುಗಳ ಕಡೆಗೇ ಹೋಗುತ್ತದೆ. ನಾಲ್ಕು ದಂಪತಿಗಳನ್ನು ಒಂದೇ ಟೇಬಲ್‌ಗೆ ಹಾಕಿದರೆ ಎಂಟಕ್ಕೆ ಎಂಟು, ಎಷ್ಟು ಚಂದ! ಮೂರು ಜನರ ಎರಡು ಮನೆಗಳನ್ನು ಇನ್ನೊಂದು ಟೇಬಲ್‌ಗೆ ಹಾಕೋಣ. ಎರಡು ಟೇಬಲ್ ಮುಗಿದವು, ಆರು ಉಳಿದವು. ಆ ಆರರಲ್ಲಿ ಐದು ಜನರ ಆರು ಮನೆಗಳನ್ನು ಕೂರಿಸಿದರೆ ಒಂದೊಂದರಲ್ಲೂ ಮೂರು ಕುರ್ಚಿ ಖಾಲಿ. ಕೈಯಲ್ಲಿ ಇನ್ನೂ ನಾಲ್ಕು ಜನರ ನಾಲ್ಕು ಮನೆಗಳಿವೆ, ಅವು ಎಲ್ಲಿಯೂ ಹಿಡಿಸುವುದಿಲ್ಲ. ಇಪ್ಪತ್ತು ಕುರ್ಚಿ ಖಾಲಿ ಬಿದ್ದಿದ್ದರೂ ಹದಿನಾರು ಜನ ನಿಂತಿರುತ್ತಾರೆ.

ಅದನ್ನೇ ತಿರುಗಿಸಿ ದೊಡ್ಡ ಮನೆಗಳಿಂದ ಶುರು ಮಾಡಿ. ಐದರ ಆರು ಮನೆಗಳಿಗೆ ಆರು ಟೇಬಲ್. ನಾಲ್ಕರ ಮನೆಗಳನ್ನು ಎರಡೆರಡಾಗಿ ಜೋಡಿಸಿದರೆ ಉಳಿದ ಎರಡು ಟೇಬಲ್ ತುಂಬಿದವು. ಈಗ ಐದು ಜನರ ಟೇಬಲ್‌ಗಳಲ್ಲಿ ಮೂರು ಮೂರು ಕುರ್ಚಿ ಉಳಿದಿವೆಯಲ್ಲ, ಮೂರರ ಎರಡು ಮನೆ ಮತ್ತು ನಾಲ್ಕು ದಂಪತಿಗಳು ಅಲ್ಲಿ ಸಲೀಸಾಗಿ ಸೇರಿಕೊಳ್ಳುತ್ತಾರೆ. ಅದೇ ಜನ, ಅದೇ ಟೇಬಲ್, ಎಲ್ಲರೂ ಕೂತರು. ಡಬ್ಬಿಗಳಿಗೆ ಸಾಮಾನು ತುಂಬುವ ಈ ಬಗೆಯ ಲೆಕ್ಕವನ್ನು ಗಣಕ ವಿಜ್ಞಾನದವರು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಎಲ್ಲ ಸಂದರ್ಭಕ್ಕೂ ಅತ್ಯುತ್ತಮ ಹಂಚಿಕೆಯನ್ನು ಬೇಗ ಕಂಡುಹಿಡಿಯುವ ದಾರಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಆದರೆ ದೊಡ್ಡದರಿಂದ ಇಳಿಯುತ್ತಾ ಬಂದರೆ ಬೇಕಾದದ್ದಕ್ಕಿಂತ ತೀರಾ ಹೆಚ್ಚು ಡಬ್ಬಿ ಹಿಡಿಯುವುದಿಲ್ಲ ಎಂದು 1970ರ ದಶಕದಲ್ಲೇ ಸಾಧಿಸಿ ತೋರಿಸಿದ್ದಾರೆ. ಊಟದ ಟೇಬಲ್‌ಗೂ ಅಷ್ಟು ಸಾಕು.

ಒಂದು ಬೇಡಿಕೆ ಬಂದ ಮೇಲೆ

ಈ ಹಂಚಿಕೆ ಆದ ಮೇಲೆ ಗೊತ್ತಾಯಿತು: ಕುಣಿಗಲ್‌ನ ನಾಲ್ವರು, ಪಕ್ಕದ ಮನೆ ದಂಪತಿ, ಆಫೀಸಿನ ದಂಪತಿ, ಈ ಎಂಟು ಜನ ಸಸ್ಯಾಹಾರಿಗಳು. ಮೊದಲು ವಿಚಾರಿಸಬೇಕಾದದ್ದು ಅವರಿಗೆ ಸಸ್ಯಾಹಾರ ಬಡಿಸಿದರೆ ಸಾಕೋ, ಅಥವಾ ಎದುರಿಗೆ ಬಾಡು ಇರುವ ಟೇಬಲ್‌ನಲ್ಲೇ ಕೂರಲಾರರೋ ಎಂದು. ಎರಡೂ ಬೇರೆ ಬೇರೆ. ಸಾಕು ಎನ್ನುವವರಿಗೆ ಬೇರೆ ಟೇಬಲ್ ಬೇಕಿಲ್ಲ, ಕುರ್ಚಿಗೆ ಒಂದು ಗುರುತು ಇಟ್ಟು ಬಡಿಸುವವರಿಗೆ ಹೇಳಿದರೆ ಆಯಿತು. ನಮ್ಮ ಎಂಟೂ ಜನ ಕೂರಲಾರೆವು ಎಂದರು ಎಂದುಕೊಳ್ಳಿ. ನಾಲ್ಕು, ಎರಡು, ಎರಡು ಸೇರಿ ಎಂಟು, ಒಂದು ಟೇಬಲ್ ಸರಿಯಾಗಿ ತುಂಬಿತು. ಒಳ್ಳೆಯದೇ ಆಯಿತು ಎನಿಸಬಹುದು.

ಆದರೆ ಉಳಿದ ಏಳು ಟೇಬಲ್ ನೋಡಿ. ಜನ 52, ಕುರ್ಚಿ 56. ಐದರ ಆರು ಮನೆಗಳಲ್ಲಿ ಯಾವ ಎರಡೂ ಒಂದು ಟೇಬಲ್‌ಗೆ ಹಿಡಿಸುವುದಿಲ್ಲ, ಹತ್ತಾಗುತ್ತದೆ. ಐದರ ಜೊತೆ ನಾಲ್ಕೂ ಹಿಡಿಸುವುದಿಲ್ಲ, ಒಂಬತ್ತಾಗುತ್ತದೆ. ಅಂದರೆ ಆರು ಟೇಬಲ್‌ಗಳನ್ನು ಐದರ ಮನೆಗಳೇ ಹಿಡಿದುಕೊಂಡವು. ಉಳಿದ ಒಂದೇ ಟೇಬಲ್‌ನಲ್ಲಿ ರಾಮನಗರ, ತುರುವೇಕೆರೆ, ಮಾಗಡಿ ಮೂರೂ ಮನೆಗಳು ಕೂರಬೇಕು. ಹನ್ನೆರಡು ಜನ, ಎಂಟು ಕುರ್ಚಿ. ಹೇಗೆ ತಿರುಗಿಸಿದರೂ ಆಗುವುದಿಲ್ಲ. ಇಲ್ಲಿ ಪೆನ್ಸಿಲ್ ಹಿಡಿದು ರಾತ್ರಿಯೆಲ್ಲಾ ಕೂತರೂ ಪ್ರಯೋಜನವಿಲ್ಲ, ಏಕೆಂದರೆ ಉತ್ತರವೇ ಇಲ್ಲ. ಮೊದಲು ಐದರ ಮನೆಗಳು ಎಷ್ಟು, ನಾಲ್ಕರ ಮನೆಗಳು ಎಷ್ಟು ಎಂದು ಎಣಿಸಿದರೆ ಇದು ಎರಡು ನಿಮಿಷದಲ್ಲಿ ಕಾಣುತ್ತದೆ. ಒಟ್ಟು ಕುರ್ಚಿ ಲೆಕ್ಕ ಹಾಕುವವರಿಗೆ ಕಾಣುವುದು ಊಟದ ದಿನ.

ದಾರಿಗಳು ಮೂರು. ರಾಮನಗರದ ಮನೆಯನ್ನು ಇಬ್ಬಿಬ್ಬರಾಗಿ ಒಡೆಯಬಹುದು. ದೊಡ್ಡ ಮಕ್ಕಳಿದ್ದು ಅವರಿಗೆ ಬೇರೆ ಕೂರುವುದೇ ಇಷ್ಟವಿದ್ದರೆ ತೊಂದರೆಯಿಲ್ಲ, ಆದರೆ ಅಕ್ಕಪಕ್ಕದ ಟೇಬಲ್ ಆಗಿರಬೇಕು. ಇಲ್ಲವೇ ಒಂದು 5 ಅಡಿ ಟೇಬಲ್‌ಗೆ ಒಂಬತ್ತನೆಯ ಕುರ್ಚಿ ಹಾಕಿ ಐದು ಮತ್ತು ನಾಲ್ಕನ್ನು ಕೂರಿಸಬಹುದು. ಒಬ್ಬರಿಗೆ 21 ಇಂಚು ಸಿಗುತ್ತದೆ, ಸಣ್ಣ ಮಕ್ಕಳಿರುವ ಮನೆಗಳಾದರೆ ನಡೆದೀತು. ಮೂರನೆಯದು, ಎಲ್ಲಕ್ಕಿಂತ ಒಳ್ಳೆಯದು: ಹಾಲ್‌ನವರ ಬಳಿ ಒಂದೇ ಒಂದು 6 ಅಡಿ ಟೇಬಲ್ ಇದೆಯೇ ಎಂದು ಕೇಳುವುದು. ಅದರಲ್ಲಿ ಐದರ ಎರಡು ಮನೆ ಕೂತರೆ ಹತ್ತಕ್ಕೆ ಹತ್ತು, ಒಂದು ಪೂರ್ತಿ ಟೇಬಲ್ ಬಿಡುವಾಗುತ್ತದೆ. ಒಂದು ಟೇಬಲ್ ಬದಲಾಯಿಸಿದರೆ ಯಾವ ಮನೆಯನ್ನೂ ಒಡೆಯಬೇಕಿಲ್ಲ. ಹಾಲ್ ಬುಕ್ ಮಾಡುವಾಗ ಇದನ್ನು ವಿಚಾರಿಸುವವರು ಕಡಿಮೆ. ಆ ಟೇಬಲ್‌ಗೆ ಸರಿಹೊಂದುವ ಬಟ್ಟೆ ಇದೆಯೇ ಎಂದೂ ಕೇಳಿಡಿ, 5 ಅಡಿಯದ್ದು ಹಾಸಿದರೆ ಗಿಡ್ಡವಾಗಿ ನೇತಾಡುತ್ತದೆ.

ವೀಲ್‌ಚೇರ್ ಒಂದು ಕುರ್ಚಿಯಲ್ಲ

ಮಂಡ್ಯದ ಮನೆಯ ಅಜ್ಜಿ ಬರುವುದು ವೀಲ್‌ಚೇರ್‌ನಲ್ಲಿ. ಅದರ ಅಗಲ ಸಾಮಾನ್ಯವಾಗಿ 25ರಿಂದ 27 ಇಂಚು, ಅಂದರೆ ಒಬ್ಬರಿಗೆ ಸಿಗುವ 23 ಇಂಚಿನಲ್ಲಿ ಅದು ಹಿಡಿಸುವುದಿಲ್ಲ. ತಿರುಗಿಸಿ ಒಳಗೆ ತರಲು ಅಕ್ಕಪಕ್ಕ ಇನ್ನಷ್ಟು ಬೇಕು. ಹಾಗಾಗಿ ಲೆಕ್ಕದಲ್ಲಿ ಎರಡು ಜಾಗ ಹಿಡಿಯಬೇಕು. ಮಂಡ್ಯದ ಮನೆ ಜನ ಐದಾದರೂ ಜಾಗ ಆರು, ಅವರ ಜೊತೆ ಮೂರು ಜನರ ಮನೆಯನ್ನು ಹಾಕುವಂತಿಲ್ಲ, ಒಂದು ದಂಪತಿ ಮಾತ್ರ. ಮಡಿಲಲ್ಲಿ ಕೂರುವ ಕೂಸಿಗೆ ಇದರ ಉಲ್ಟಾ: ತಟ್ಟೆ ಬೇಡ, ಆದರೆ ಎತ್ತರದ ಮಕ್ಕಳ ಕುರ್ಚಿ ತರಿಸಿದರೆ ಒಂದು ಜಾಗ ಹೋಗುತ್ತದೆ.

ಅದಕ್ಕೇ ಪಟ್ಟಿಯಲ್ಲಿ "ಜನ" ಮತ್ತು "ಜಾಗ" ಎರಡು ಬೇರೆ ಕಾಲಂ ಇರಬೇಕು. ಅಡುಗೆಯವರಿಗೆ ಹೇಳುವುದು ಜನದ ಲೆಕ್ಕ, ಟೇಬಲ್‌ಗೆ ಹಾಕುವುದು ಜಾಗದ ಲೆಕ್ಕ. ಕಂಪ್ಯೂಟರಿನ ಶೀಟ್‌ನಲ್ಲಿ A ಮನೆ, B ಯಾವ ಕಡೆ, C ಜನ, D ಜಾಗ, E ಟೇಬಲ್ ನಂಬರ್ ಎಂದು ಇಟ್ಟುಕೊಂಡರೆ, 3ನೇ ಟೇಬಲ್‌ನಲ್ಲಿ ಎಷ್ಟು ಜಾಗ ಹೋಗಿದೆ ಎಂದು ಈ ಒಂದು ಸೂತ್ರ ತೋರಿಸುತ್ತದೆ:

```
=SUMIF($E$2:$E$40,3,$D$2:$D$40)
```

E ಕಾಲಂನಲ್ಲಿ ನಂಬರ್ ಬದಲಿಸಿದ ಕೂಡಲೇ ಮೊತ್ತ ಬದಲಾಗುತ್ತದೆ, ಎಂಟು ಮೀರಿದ್ದು ತಕ್ಷಣ ಗೊತ್ತಾಗುತ್ತದೆ. ಇಷ್ಟು ಸಣ್ಣ ಊಟಕ್ಕೆ ಇದಕ್ಕಿಂತ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಮನೆಗೊಂದು ಚೀಟಿ ಬರೆದು ನೆಲದ ಮೇಲೆ ಸರಿಸಾಡುವುದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಮನೆಯ ಹಿರಿಯರೂ ಕೂತು ನೋಡಬಹುದು. "ಅಯ್ಯೋ, ಅವರಿಬ್ಬರನ್ನ ಒಂದೇ ಕಡೆ ಹಾಕಿದ್ದೀರಲ್ಲ" ಎಂದು ಎಚ್ಚರಿಸುವವರು ಅವರೇ.

ಇಲ್ಲೂ ಹಾಗೊಂದು ಎಚ್ಚರಿಕೆ ಬಂತು. ಹಾಸನದವರು, ತುಮಕೂರಿನವರು ಅಣ್ಣತಮ್ಮಂದಿರ ಮನೆಗಳು. ಜಮೀನಿನ ಕೇಸು ಕೋರ್ಟಿನಲ್ಲಿದೆ, ಮಾತಿಲ್ಲ. ಅವರನ್ನು ಒಂದು ಟೇಬಲ್‌ಗೆ ಹಾಕುವ ಪ್ರಶ್ನೆ ಬರುವುದಿಲ್ಲ, ಹೇಗೂ ಹತ್ತಾಗುತ್ತದೆ. ಆದರೆ ಆ 6 ಅಡಿ ಟೇಬಲ್‌ಗೆ "ಐದರ ಎರಡು ಮನೆ" ಎಂದು ಕಣ್ಣುಮುಚ್ಚಿ ಹಾಕಿದರೆ ಅವರೇ ಜೊತೆಯಾಗುವ ಅಪಾಯವಿತ್ತು.

ಕೊನೆಗೆ ನಿಂತ ಹಂಚಿಕೆ

6 ಅಡಿ ಟೇಬಲ್‌ಗೆ ಮದ್ದೂರು, ಚನ್ನಪಟ್ಟಣ ಹೋದವು. ಮಂಡ್ಯದ ಜೊತೆ ಶ್ರೀರಂಗಪಟ್ಟಣದ ದಂಪತಿ. ಹಾಸನದ ಜೊತೆ ತಿಪಟೂರು, ತುಮಕೂರಿನ ಜೊತೆ ಗುಬ್ಬಿ, ತುರುವೇಕೆರೆಯ ಜೊತೆ ಮಾಗಡಿ. ಈಗ ಕೈಯಲ್ಲಿ ಉಳಿದದ್ದು ಅರಸೀಕೆರೆಯ ಐದು, ರಾಮನಗರದ ನಾಲ್ಕು, ನಾಗಮಂಗಲದ ಮೂರು. ಉಳಿದಿರುವ ಟೇಬಲ್ ಎರಡು.

ಲೆಕ್ಕದ ಪ್ರಕಾರ ಅರಸೀಕೆರೆ ಮತ್ತು ನಾಗಮಂಗಲ ಸೇರಿದರೆ ಸರಿಯಾಗಿ ಎಂಟು, ರಾಮನಗರದವರಿಗೆ ಒಂದಿಡೀ ಟೇಬಲ್. ಅದನ್ನು ಮಾಡಬೇಡಿ. ಎಂಟು ಕುರ್ಚಿಯ ಟೇಬಲ್‌ನಲ್ಲಿ ನಾಲ್ಕೇ ಜನ ಕೂತರೆ ಪಂಕ್ತಿಯಿಂದ ಹೊರಗಿಟ್ಟ ಹಾಗೆ ಕಾಣುತ್ತದೆ, ಅದೂ ಹೆಣ್ಣಿನ ಕಡೆಯವರಿಗೆ. ನಾಗಮಂಗಲದವರನ್ನು ರಾಮನಗರದ ಜೊತೆ ಹಾಕಿದರೆ ಏಳಾಗುತ್ತದೆ, ಎರಡೂ ಒಂದೇ ಕಡೆಯ ಮನೆಗಳು. ಅರಸೀಕೆರೆಯ ಐವರು ಮಾತ್ರ ಒಂದು ಟೇಬಲ್‌ನಲ್ಲಿ, ಅವರಿಗೆ ಮೂರು ಖಾಲಿ ಕುರ್ಚಿ. ಐದು ಜನರ ಮನೆ ತಮ್ಮಷ್ಟಕ್ಕೆ ಕೂತರೆ ಯಾರಿಗೂ ಬೇಸರವಾಗುವುದಿಲ್ಲ. ಖಾಲಿ ಇರುವುದು ತುಮಕೂರಿನ ಟೇಬಲ್‌ನಲ್ಲಿ ಒಂದು, ರಾಮನಗರದ್ದರಲ್ಲಿ ಒಂದು, ಅರಸೀಕೆರೆಯದ್ದರಲ್ಲಿ ಮೂರು, ಒಟ್ಟು ಐದು. ಕರೆಯದೆ ಬರುವವರಿಗೆ ಇವು ಬೇಕಾಗುತ್ತವೆ.

ಹಾಲ್‌ನಲ್ಲಿ ಯಾವ ಟೇಬಲ್ ಎಲ್ಲಿ

ಯಾರ ಜೊತೆ ಯಾರು ಎನ್ನುವುದು ಮುಗಿದ ಮೇಲೆ ಯಾವ ಟೇಬಲ್ ಎಲ್ಲಿ ಎನ್ನುವುದು ಬರುತ್ತದೆ. ಇವೆರಡನ್ನೂ ಒಟ್ಟಿಗೆ ಯೋಚಿಸಲು ಹೋದರೆ ತಲೆ ಕೆಡುತ್ತದೆ.

ಹಾಲ್ ಹೀಗಿದೆ ಎನ್ನಿ. ಮುಂದೆ ವೇದಿಕೆ, ಅದರ ಎರಡೂ ಮೂಲೆಯಲ್ಲಿ ಸ್ಪೀಕರ್. ವೇದಿಕೆಗೆ ಹತ್ತಿರದ ಸಾಲಿನಲ್ಲಿ ಎಡದಿಂದ 1, 2, 3, 4; ಹಿಂದಿನ ಸಾಲಿನಲ್ಲಿ 5, 6, 7, 8. ಹೊರಬಾಗಿಲು ಹಿಂದಿನ ಗೋಡೆಯಲ್ಲಿ, 6 ಮತ್ತು 7ರ ನಡುವೆ. ಶೌಚಾಲಯ ಎಡಗಡೆ, 5ರ ಹತ್ತಿರ. ಅಡುಗೆಮನೆಯ ಬಾಗಿಲು ಬಲಗಡೆ, 8ರ ಹತ್ತಿರ. ಟೇಬಲ್‌ನ ನಡುವಿನಿಂದ ಇನ್ನೊಂದರ ನಡುವಿಗೆ 10 ಅಡಿ ಬಿಟ್ಟರೆ ಅಂಚುಗಳ ನಡುವೆ 5 ಅಡಿ ಸಿಗುತ್ತದೆ. ಬೆನ್ನಿಗೆ ಬೆನ್ನು ಹಾಕಿ ಜನ ಕೂತಾಗ ಎರಡೂ ಕಡೆಯಿಂದ ಸುಮಾರು ಒಂದೂವರೆ ಅಡಿ ಹೋಗಿ, ಬಡಿಸುವವರಿಗೆ ಎರಡು ಅಡಿ ಉಳಿಯುತ್ತದೆ. ಬಕೆಟ್ ಹಿಡಿದವರು ಹೋಗಲು ಅಷ್ಟು ಸಾಕು, ವೀಲ್‌ಚೇರ್‌ಗೆ ಸಾಲದು. ಅದಕ್ಕೆ ಮೂರಡಿ ಬೇಕು, ಪೂರ್ತಿ ತಿರುಗಿಸಲು ಐದಡಿ. ಆದ್ದರಿಂದ ಅಜ್ಜಿ ಬರುವ ದಾರಿಯಲ್ಲಿ ಮಾತ್ರ ಟೇಬಲ್‌ಗಳನ್ನು ಒಂದಡಿ ಹೆಚ್ಚು ದೂರ ಸರಿಸಬೇಕು, ಇಡೀ ಹಾಲ್‌ನಲ್ಲಿ ಅಲ್ಲ.

ಮಂಡ್ಯದವರಿಗೆ 5. ಬಾಗಿಲಿನಿಂದ ಹಿಂದಿನ ಗೋಡೆಯ ಪಕ್ಕದಲ್ಲೇ ಬರಬಹುದು, ಶೌಚಾಲಯ ಹತ್ತಿರ, ಬಕೆಟ್ ಓಡಾಟ ದೂರ. ಅಜ್ಜಿಯ ಜಾಗ ಟೇಬಲ್‌ನ ಗೋಡೆ ಕಡೆಯ ಬದಿಯಲ್ಲಿರಬೇಕು, ನಡುವೆ ಎದ್ದು ಹೋಗಬೇಕಾದರೆ ಬೇರೆಯವರನ್ನು ಎಬ್ಬಿಸದ ಹಾಗೆ. ಮಡಿಸುವ ಕಾಲುಗಳ ಟೇಬಲ್ ಆಗಿದ್ದರೆ ಎರಡು ಕಾಲುಗಳ ನಡುವಿನ ಜಾಗವನ್ನೇ ಅವರಿಗೆ ಕೊಡಿ, ಇಲ್ಲದಿದ್ದರೆ ಮೊಣಕಾಲು ತಾಗಿ ತಟ್ಟೆ ಒಂದಡಿ ದೂರವಾಗುತ್ತದೆ. ಆ ಬದಿಯಲ್ಲಿ ಟೇಬಲ್ ಬಟ್ಟೆ ನೆಲ ಮುಟ್ಟುತ್ತಿದ್ದರೆ ಎತ್ತಿ ಪಿನ್ ಹಾಕಿ, ಚಕ್ರಕ್ಕೆ ಸಿಕ್ಕಿದರೆ ಟೇಬಲ್ ಮೇಲಿನ ಸಾರೆಲ್ಲಾ ಮಡಿಲಿಗೆ ಬರುತ್ತದೆ.

ತುಮಕೂರಿನ ಮನೆಯ ಯಜಮಾನರು ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವವರು. ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಸಕ್ಕರೆ ಕುಸಿದು ಬೆವರು, ನಡುಕ ಶುರುವಾಗುತ್ತದೆ. ಅವರಿಗೆ ಬೇಕಾದದ್ದು ಸಿಹಿಯಿಲ್ಲದ ತಟ್ಟೆಗಿಂತ ಹೆಚ್ಚಾಗಿ ಮೊದಲು ಬಡಿಸುವ ಟೇಬಲ್. ಎಂಟು ಟೇಬಲ್‌ಗೆ ಒಂದೇ ಸಲ ಬಡಿಸುವುದಿಲ್ಲ, ಅಡುಗೆಮನೆ ಕಡೆಯಿಂದ ಶುರುವಾಗಿ ಮೊದಲ ಟೇಬಲ್‌ಗೂ ಕೊನೆಯದಕ್ಕೂ ಸಾಕಷ್ಟು ಅಂತರ ಬೀಳುತ್ತದೆ. ಹಾಗಾಗಿ ಅವರಿಗೆ 8.

ಹಾಸನದ ಅಜ್ಜನಿಗೆ ಕಿವಿ ಮಂದ, ಹಿಯರಿಂಗ್ ಏಡ್ ಹಾಕುತ್ತಾರೆ. ಆ ಯಂತ್ರ ಸ್ಪೀಕರಿನ ಸದ್ದನ್ನೂ ಪಾತ್ರೆಯ ಸದ್ದನ್ನೂ ಮಾತಿನ ಜೊತೆಗೇ ಹಿಗ್ಗಿಸುತ್ತದೆ. ಮುಂದಿನ ಮೂಲೆ, ಅಡುಗೆಮನೆ ಬಾಗಿಲು ಎರಡೂ ಬೇಡ. 6ರಲ್ಲಿ ಹಿಂದಿನ ಗೋಡೆಗೆ ಬೆನ್ನು ಹಾಕಿ ಕೂತರೆ ಹಿಂದಿನಿಂದ ಸದ್ದು ಬರುವುದಿಲ್ಲ, ಟೇಬಲ್‌ನವರೆಲ್ಲರ ತುಟಿಯೂ ಕಾಣುತ್ತದೆ. ಇದರಿಂದ ಹಾಸನ 6, ತುಮಕೂರು 8 ಆಯಿತು, ನಡುವೆ 7. ಇಬ್ಬರೂ ಹಿಂದಿನ ಸಾಲಿನವರು ಎನ್ನುವುದೂ ಒಳ್ಳೆಯದೇ. ಒಬ್ಬರನ್ನು ವೇದಿಕೆಯ ಮುಂದೆ ಕೂರಿಸಿ ಇನ್ನೊಬ್ಬರನ್ನು ಹಿಂದೆ ಹಾಕಿದ್ದರೆ ಕೋರ್ಟಿನ ಕೇಸಿಗೆ ಇನ್ನೊಂದು ಸೇರುತ್ತಿತ್ತು.

ನಾಗಮಂಗಲದ ಮನೆಯಲ್ಲಿ ಕೂಸಿದೆ, ಅಳು ಹತ್ತಿದರೆ ತಾಯಿ ಎತ್ತಿಕೊಂಡು ಹೊರಗೆ ಹೋಗಬೇಕು. ಬಾಗಿಲ ಪಕ್ಕದ 7 ರಾಮನಗರ ಮತ್ತು ನಾಗಮಂಗಲಕ್ಕೆ. ಸಸ್ಯಾಹಾರಿಗಳಿಗೆ 2: ಅಡುಗೆಮನೆಯಿಂದ ಬಾಡಿನ ಬಕೆಟ್‌ಗಳು ಹಾದುಹೋಗದ ಜಾಗ, ಬಡಿಸಲು ಬೇರೆ ಒಬ್ಬರು, ಬೇರೆ ಸೌಟು. ಅರಸೀಕೆರೆ 3ರಲ್ಲಿ. ಸ್ಪೀಕರ್ ಪಕ್ಕದ 1 ಮತ್ತು 4ಕ್ಕೆ ಸದ್ದು ಲೆಕ್ಕಿಸದ, ವಯಸ್ಸಾದವರು ಕಡಿಮೆ ಇರುವ ಮನೆಗಳು: ಮದ್ದೂರು ಮತ್ತು ಚನ್ನಪಟ್ಟಣ, ತುರುವೇಕೆರೆ ಮತ್ತು ಮಾಗಡಿ. 6 ಅಡಿ ಟೇಬಲ್ ಮೂಲೆಯಲ್ಲಿದ್ದರೆ ಅದರ ಹೆಚ್ಚಿನ ಅಗಲ ಗೋಡೆ ಕಡೆಗೆ ಹೋಗುತ್ತದೆ, ದಾರಿ ಕಿರಿದಾಗುವುದಿಲ್ಲ.

ಹಿಂದಿನ ರಾತ್ರಿ ಬರುವ ಫೋನ್

ಗುಬ್ಬಿಯವರು ಹಿಂದಿನ ರಾತ್ರಿ ಫೋನ್ ಮಾಡಿ, ಮಗಳು ಅಳಿಯನೂ ಬರುತ್ತಿದ್ದಾರೆ ಎಂದರು. ಇಬ್ಬರು ಇದ್ದದ್ದು ನಾಲ್ವರಾದರು. ತುಮಕೂರಿನ ಐವರ ಜೊತೆ ಒಂಬತ್ತಾಗುತ್ತದೆ. ಖಾಲಿ ಇರುವ ಐದು ಕುರ್ಚಿಗಳಲ್ಲಿ ಇಬ್ಬರನ್ನು ಅಲ್ಲಿ ಇಲ್ಲಿ ತೂರಿಸಬಹುದು, ಆದರೆ ಮಗಳು ಅಳಿಯ ಬೇರೆ ಟೇಬಲ್, ಅಪ್ಪ ಅಮ್ಮ ಬೇರೆ ಎಂದಾಗುತ್ತದೆ. ಇಂಥ ಹೊತ್ತಿನಲ್ಲಿ ಇಡೀ ಪಟ್ಟಿಯನ್ನು ಮೊದಲಿಂದ ಬಿಚ್ಚಬಾರದು. ಎರಡು ಗುಂಪುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆಯೇ ಎಂದು ಮೊದಲು ನೋಡಬೇಕು. 7ರಲ್ಲಿರುವ ನಾಗಮಂಗಲದ ಮೂವರನ್ನು 8ಕ್ಕೆ, ಗುಬ್ಬಿಯ ನಾಲ್ವರನ್ನು 7ಕ್ಕೆ ಕಳಿಸಿದರೆ ಎರಡೂ ಟೇಬಲ್ ಸರಿಯಾಗಿ ಎಂಟಾಗುತ್ತವೆ. ಉಳಿದ ಆರು ಟೇಬಲ್ ಅಲುಗುವುದಿಲ್ಲ. ಕೂಸಿನ ತಾಯಿಗೆ ಬಾಗಿಲು ಒಂದು ಟೇಬಲ್‌ನಷ್ಟು ದೂರವಾಯಿತು, ಅಡುಗೆಮನೆ ಸದ್ದು ಹತ್ತಿರವಾಯಿತು, ಎರಡೂ ಕಡೆಯವರು ಬೆರೆತರು. ಇಷ್ಟು ಬಿಟ್ಟುಕೊಡಬಹುದು. ಹಾಸನದವರನ್ನು 7ಕ್ಕೆ ತರುವ ಬದಲಾವಣೆಯಾಗಿದ್ದರೆ ಬಿಟ್ಟುಕೊಡುವಂತಿರಲಿಲ್ಲ. ಯಾವುದನ್ನು ಸಡಿಲಿಸಬಹುದು, ಯಾವುದನ್ನು ಸಡಿಲಿಸಬಾರದು ಎಂದು ಪಟ್ಟಿಯಲ್ಲೇ ಗುರುತು ಹಾಕಿಟ್ಟಿದ್ದರೆ ರಾತ್ರಿ ಹತ್ತು ಗಂಟೆಗೆ ಈ ತೀರ್ಮಾನ ಸುಲಭ.

ಬಾಗಿಲಲ್ಲಿ

ಕಾಗದದ ಮೇಲಿನ ಹಂಚಿಕೆ ಕೆಡುವುದು ಜನ ಒಳಗೆ ಬರುವ ಮೊದಲ ಹತ್ತು ನಿಮಿಷದಲ್ಲಿ. ಹೆಣ್ಣಿನ ಕಡೆಯ ಒಬ್ಬರು, ಗಂಡಿನ ಕಡೆಯ ಒಬ್ಬರು ಬಾಗಿಲಲ್ಲಿ ನಿಂತು ಮುಖ ನೋಡಿ ಕರೆದುಕೊಂಡು ಹೋಗಿ ಕೂರಿಸಬೇಕು. ಬೋರ್ಡ್ ಹಾಕುವುದಾದರೆ ಅದರಲ್ಲಿ ಮನೆಗಳನ್ನು ಅಕಾರಾದಿಯಾಗಿ ಬರೆದು ಮುಂದೆ ಟೇಬಲ್ ನಂಬರ್ ಕೊಡಿ. ಟೇಬಲ್ ಪ್ರಕಾರ ಬರೆದರೆ ತಮ್ಮ ಹೆಸರು ಹುಡುಕಲು ಎಂಟೂ ಪಟ್ಟಿ ಓದಬೇಕು, ಜೊತೆಗೆ 1ನೇ ನಂಬರ್ ಯಾರಿಗೆ ಕೊಟ್ಟಿದ್ದಾರೆ ಎಂಬ ವಿಚಾರಣೆಯೂ ಅಲ್ಲೇ ಶುರುವಾಗುತ್ತದೆ. ಪ್ರತಿ ಕುರ್ಚಿಗೂ ಹೆಸರಿನ ಚೀಟಿ ಬೇಡ, ಟೇಬಲ್‌ಗೆ ಮನೆಯ ಹೆಸರು ಸಾಕು. ಯಾರ ಪಕ್ಕ ಯಾರು ಎನ್ನುವುದನ್ನು ಮನೆಯವರೇ ನೋಡಿಕೊಳ್ಳುತ್ತಾರೆ. ಚೀಟಿ ಬೇಕಿರುವುದು ಅಜ್ಜಿ, ಅಜ್ಜ, ಇನ್ಸುಲಿನ್‌ನವರು ಕೂರುವ ಮೂರು ಜಾಗಗಳಿಗೆ ಮಾತ್ರ.

5ನೇ ಟೇಬಲ್‌ನಲ್ಲಿ ಅಜ್ಜಿಗೆಂದು ಕುರ್ಚಿ ತೆಗೆದು ಬಿಟ್ಟ ಜಾಗವನ್ನು ಕಂಡ ಹಾಲ್ ಹುಡುಗರು ಕುರ್ಚಿ ಕಡಿಮೆ ಬಿದ್ದಿದೆ ಎಂದುಕೊಂಡು ತಂದು ಹಾಕಿಬಿಡುತ್ತಾರೆ. ಆ ಕುರ್ಚಿಯ ಮೇಲೆ ಯಾರೋ ಕರ್ಚೀಫ್ ಹಾಕಿಟ್ಟು ಹೋಗಿರುತ್ತಾರೆ. ಅದಕ್ಕೆ ಆ ಜಾಗದ ನೇರಕ್ಕೆ ಟೇಬಲ್ ಮೇಲೆ "ವೀಲ್‌ಚೇರ್‌ಗೆ ಜಾಗ, ಕುರ್ಚಿ ಹಾಕಬೇಡಿ" ಎಂದು ಬರೆದಿಟ್ಟು, ಊಟಕ್ಕೆ ಅರ್ಧ ಗಂಟೆ ಮುಂಚೆ ಒಬ್ಬರು ಹೋಗಿ ನೋಡಿ ಬರಬೇಕು.